ಕೈ ಇಳಿದಾಗ ಕಾಲು ಏಳಬೇಕು

ಪಿಯಾನೋದ ಕೀ ಒತ್ತಿದಾಗ ಸುತ್ತಿಗೆಯೊಂದು ತಂತಿಗೆ ಬಡಿಯುತ್ತದೆ. ಅದೇ ಹೊತ್ತಿಗೆ ಆ ತಂತಿಯ ಮೇಲೆ ಕೂತಿದ್ದ ಮೆತ್ತೆ, ಅಂದರೆ ಡ್ಯಾಂಪರ್, ಮೇಲೇಳುತ್ತದೆ. ಬೆರಳು ತೆಗೆದರೆ ಮೆತ್ತೆ ಮತ್ತೆ ಕೂತು ನಾದ ನಿಲ್ಲುತ್ತದೆ. ಬಲಗಡೆಯ ಪೆಡಲ್ ಒತ್ತಿದರೆ ಎಲ್ಲ ಮೆತ್ತೆಗಳೂ ಒಟ್ಟಿಗೆ ಮೇಲೇಳುತ್ತವೆ. ಆಗ ನುಡಿಸಿದ ಸ್ವರ ಉಳಿಯುತ್ತದೆ, ನುಡಿಸದ ತಂತಿಗಳೂ ಅದಕ್ಕೆ ಸ್ಪಂದಿಸುತ್ತವೆ. ನಾದ ತುಂಬಿಕೊಳ್ಳುವುದೂ ಕಲಸಿಹೋಗುವುದೂ ಇದರಿಂದಲೇ.

ಹೊಸಬರು ಸಾಮಾನ್ಯವಾಗಿ ಕೈಯ ಜೊತೆಗೇ ಕಾಲನ್ನೂ ಇಳಿಸುತ್ತಾರೆ. ಹಾಗೆ ಮಾಡಲು ಕಾಲನ್ನು ಮೊದಲೇ ಎತ್ತಿರಬೇಕು. ಎತ್ತಿದರೆ ಎರಡು ಸ್ವರಗಳ ನಡುವೆ ಸಂದು ಬೀಳುತ್ತದೆ, ಎತ್ತದಿದ್ದರೆ ಹಳೆಯ ನಾದ ಹೊಸದಕ್ಕೆ ಮೆತ್ತಿಕೊಳ್ಳುತ್ತದೆ. ನಿಜವಾದ ಕ್ರಮ ಇದಕ್ಕೆ ತಿರುಗುಮುರುಗು. ಹೊಸ ಸ್ವರಕ್ಕೆ ಕೈ ಇಳಿಯುವಾಗ ಕಾಲು ಏಳಬೇಕು. ಹಳೆಯ ನಾದ ಅಡಗಿದ್ದು ಕಿವಿಗೆ ಗೊತ್ತಾದ ಮೇಲೆ, ಬೆರಳುಗಳು ಕೀ ಬಿಡುವ ಮುನ್ನ, ಕಾಲು ಮತ್ತೆ ಇಳಿಯಬೇಕು. ಹಿಮ್ಮಡಿ ನೆಲ ಬಿಡಬಾರದು, ಪಾದದ ಮುಂಭಾಗ ಪೆಡಲ್ ಬಿಡಬಾರದು.

ಬೀಥೋವನ್ 1801ರಲ್ಲಿ ರಚಿಸಿದ, 'ಮೂನ್‌ಲೈಟ್' ಎಂದೇ ಪ್ರಸಿದ್ಧವಾದ ಸೊನಾಟಾದ ಮೊದಲ ಭಾಗ ಇದಕ್ಕೆ ಒಳ್ಳೆಯ ಪರೀಕ್ಷೆ. ಇಡೀ ಭಾಗವನ್ನು ಡ್ಯಾಂಪರ್ ಇಲ್ಲದೆ ನುಡಿಸಿ ಎಂದು ಅವನೇ ಬರೆದಿದ್ದಾನೆ. ಅವನ ಕಾಲದ ಪಿಯಾನೋಗಳಲ್ಲಿ ನಾದ ಬೇಗ ಕರಗುತ್ತಿತ್ತು. ಇಂದಿನ ದೊಡ್ಡ ಪಿಯಾನೋದಲ್ಲಿ ಆ ಮಾತನ್ನು ಅಕ್ಷರಶಃ ಪಾಲಿಸಿದರೆ ನಾಲ್ಕನೇ ಬಾರ್ ಹೊತ್ತಿಗೆ ಬರೀ ಗದ್ದಲ ಉಳಿಯುತ್ತದೆ.

ಹಾಗಾದರೆ ಕಾಲನ್ನು ಎಲ್ಲಿ ಎತ್ತುವುದು? ಎಡಗೈಯ ಮಂದ್ರಸ್ವರವನ್ನು ಹಿಂಬಾಲಿಸಿ. ಮೊದಲ ಬಾರ್‌ನಲ್ಲಿ ಅದು ಸಿ ಶಾರ್ಪ್‌ನಲ್ಲೇ ನಿಂತಿರುತ್ತದೆ, ಒಂದೇ ಪೆಡಲ್ ಸಾಕು. ಎರಡನೆಯದರಲ್ಲಿ ಬಿ ಸ್ವರಕ್ಕೆ ಇಳಿದಾಗ ಬದಲಿಸಿ. ಮೂರನೆಯದರಲ್ಲಿ ಎ, ಆಮೇಲೆ ಎಫ್ ಶಾರ್ಪ್: ಎರಡು ಸಲ. ನಾಲ್ಕನೆಯದು ಮೋಸದ ಜಾಗ. ಮಂದ್ರ ಜಿ ಶಾರ್ಪ್‌ನಲ್ಲೇ ಇದ್ದರೂ ಮೇಲಿನ ಸ್ವರಗುಚ್ಛ ಪ್ರತಿ ಬೀಟ್‌ಗೂ ಬದಲಾಗುತ್ತದೆ, ಹಾಗಾಗಿ ಕಾಲೂ ನಾಲ್ಕು ಸಲ ಬದಲಾಗಬೇಕು. ಇಲ್ಲಿ ಪಳಗಿದವರು ಪೆಡಲನ್ನು ಪೂರ್ತಿ ಬಿಡದೆ ಅರ್ಧಕ್ಕೆ ಮಾತ್ರ ಎತ್ತುತ್ತಾರೆ. ಮೆತ್ತೆ ತಂತಿಯನ್ನು ಸೋಕಿದಷ್ಟಕ್ಕೆ ಮೇಲಿನ ಸಣ್ಣ ತಂತಿಗಳು ಸುಮ್ಮನಾಗುತ್ತವೆ, ದಪ್ಪನೆಯ ಮಂದ್ರತಂತಿ ಮಾತ್ರ ಮೊಳಗುತ್ತಿರುತ್ತದೆ.

ಮಂದ್ರತಂತಿ ಸುಲಭಕ್ಕೆ ಅಡಗದಿರುವುದು ಇಲ್ಲಿ ಅನುಕೂಲ, ಬೇರೆಡೆ ತೊಂದರೆ. ಕಾಲನ್ನು ಮಿಂಚಿನಂತೆ ಎತ್ತಿ ಇಳಿಸಿದರೆ ಹಳೆಯ ಮಂದ್ರ ಉಳಿದುಬಿಡುತ್ತದೆ. ಅನುಮಾನ ಬಂದರೆ ಬದಲಿಸಿದ ಕೂಡಲೇ ನುಡಿಸುವುದನ್ನು ನಿಲ್ಲಿಸಿ, ಪೆಡಲ್ ಒತ್ತಿಕೊಂಡೇ ಕೇಳಿ. ಈಗಷ್ಟೇ ಬಾರಿಸಿದ್ದಕ್ಕೆ ಸೇರದ ಸ್ವರ ಗುಂಯ್‌ಗುಡುತ್ತಿದ್ದರೆ ಕಾಲು ಪೂರ್ತಿ ಎದ್ದಿಲ್ಲ, ಇಲ್ಲವೇ ಬೇಗ ಇಳಿದಿದೆ.

ಡಿಜಿಟಲ್ ಪಿಯಾನೋ ಕೊಳ್ಳುವವರಿಗೆ ಒಂದು ಮಾತು: ಅಗ್ಗದ ಚೌಕಾಕಾರದ ಪೆಡಲ್‌ಗಳು ಹೆಚ್ಚಾಗಿ ಬರೀ ಸ್ವಿಚ್ಚುಗಳು, ಅವಕ್ಕೆ ಅರ್ಧ ಎಂಬುದು ಗೊತ್ತಿಲ್ಲ. ಅರ್ಧ ಪೆಡಲ್ ಸೌಲಭ್ಯ ವಾದ್ಯಕ್ಕೂ ಪೆಡಲ್‌ಗೂ ಎರಡಕ್ಕೂ ಇದೆಯೇ ಎಂದು ಅಂಗಡಿಯಲ್ಲೇ ನುಡಿಸಿ ನೋಡಿ.