ಮೈನರ್ ಮಕ್ಕಳ ಪಾಲು: ಮಾರುವ ಮುನ್ನ ಕೋರ್ಟಿನ ಅನುಮತಿ

ಹಿಂದೂ ಕುಟುಂಬದಲ್ಲಿ ತಂದೆ ತೀರಿಕೊಂಡರೆ ಅಪ್ರಾಪ್ತ ವಯಸ್ಸಿನ ಮಕ್ಕಳಿಗೆ ತಾಯಿಯೇ ಸಹಜ ಪೋಷಕಿ. ಅದಕ್ಕೆ ಕೋರ್ಟಿನ ನೇಮಕ ಬೇಕಿಲ್ಲ. ಆದರೆ ಮಕ್ಕಳ ಆಸ್ತಿಯನ್ನು ನೋಡಿಕೊಳ್ಳುವ ಹಕ್ಕು ಬೇರೆ, ಮಾರುವ ಹಕ್ಕು ಬೇರೆ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 8ನೇ ಕಲಂ ಪ್ರಕಾರ, ಮೈನರ್‌ನ ಸ್ಥಿರಾಸ್ತಿಯನ್ನು ಮಾರಲು, ಅಡವಿಡಲು, ದಾನ ಕೊಡಲು ಅಥವಾ ಐದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಗುತ್ತಿಗೆಗೆ ಕೊಡಲು ಕೋರ್ಟಿನ ಅನುಮತಿ ಮೊದಲೇ ಪಡೆದಿರಬೇಕು.

ಒಂದು ಉದಾಹರಣೆ ನೋಡಬಹುದು. ಮೈಸೂರಿನಲ್ಲಿ ಸ್ವಂತ ದುಡಿಮೆಯ ನಿವೇಶನವೊಂದನ್ನು ಬಿಟ್ಟು, ವಿಲ್ ಬರೆಯದೆ ಒಬ್ಬರು ತೀರಿಕೊಂಡರು. ಹೆಂಡತಿ, ಮುದಿ ತಾಯಿ, 14ರ ಮಗಳು, 9ರ ಮಗ ಇದ್ದಾರೆ. ನಾಲ್ವರಿಗೂ ಕಾಲು ಕಾಲು ಪಾಲು. ಖಾತೆ ತಾಯಿಯೊಬ್ಬರ ಹೆಸರಿಗೆ ಬಂದ ಮಾತ್ರಕ್ಕೆ ಮಕ್ಕಳ ಅರ್ಧ ಅವರದಾಗುವುದಿಲ್ಲ. ಎಡವಟ್ಟಾಗುವುದು ಬಹುಪಾಲು ಇಲ್ಲೇ.

ಮಾರಬೇಕಾದರೆ ತಾಯಿ ಆಸ್ತಿ ಇರುವ ಮೈಸೂರಿನ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಸಂಸಾರ ಈಗ ಬೇರೆ ಊರಿನಲ್ಲಿದ್ದರೂ ಅಷ್ಟೇ. ಮರಣ ಪ್ರಮಾಣಪತ್ರ, ವಂಶವೃಕ್ಷ, ಮಕ್ಕಳ ಜನನ ಪ್ರಮಾಣಪತ್ರ, ಆಸ್ತಿ ಪತ್ರಗಳ ಜೊತೆಗೆ ಮಾರುವ ಕಾರಣವನ್ನೂ ತೋರಿಸಬೇಕು. ಮಕ್ಕಳಿಗೆ ಅಗತ್ಯವಿದೆ ಅಥವಾ ಅವರಿಗೆ ಸ್ಪಷ್ಟ ಲಾಭವಿದೆ ಎಂದು ಮನವರಿಕೆಯಾದರೆ ಮಾತ್ರ ಕೋರ್ಟು ಒಪ್ಪುತ್ತದೆ. ಒಳ್ಳೆಯ ಗಿರಾಕಿ ಸಿಕ್ಕಿದ್ದಾನೆ ಎಂಬುದಷ್ಟೇ ಸಾಲದು. ಅನುಮತಿ ಕೊಡುವಾಗ ಮಕ್ಕಳ ಪಾಲಿನ ಹಣವನ್ನು ಅವರ ಹೆಸರಿನಲ್ಲಿ ಠೇವಣಿ ಇಡಬೇಕೆಂಬಂಥ ಷರತ್ತನ್ನೂ ಹಾಕಬಹುದು.

ಅನುಮತಿಯಿಲ್ಲದೆ ಮಾರಿದರೆ ಕ್ರಯ ತಾನಾಗಿ ಬಿದ್ದುಹೋಗುವುದಿಲ್ಲ. ಅದನ್ನು ಉಳಿಸುವುದೂ ತಳ್ಳಿಹಾಕುವುದೂ ಮಕ್ಕಳ ಕೈಯಲ್ಲಿರುತ್ತದೆ. ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಅದಕ್ಕೆ ಮೂರು ವರ್ಷಗಳ ಅವಧಿಯಿದೆ, ಎಂದರೆ ಸಾಮಾನ್ಯವಾಗಿ 21 ತುಂಬುವವರೆಗೆ. ಇದಕ್ಕೆ ದಾವೆಯೇ ಬೇಕೆ ಎಂಬ ಪ್ರಶ್ನೆ ದಾವಣಗೆರೆಯ ಶಾಮನೂರಿನ ನಿವೇಶನಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದಾವೆ ಹೂಡಲೇಬೇಕೆಂದಿಲ್ಲ, ಅವಧಿಯೊಳಗೆ ಅದೇ ಆಸ್ತಿಯನ್ನು ತಾವೇ ಬೇರೆಯವರಿಗೆ ಮಾರುವಂಥ ಸ್ಪಷ್ಟ ನಡೆಯಿಂದಲೂ ಹಳೆಯ ಕ್ರಯವನ್ನು ನಿರಾಕರಿಸಬಹುದು ಎಂದು 2025ರಲ್ಲಿ ತೀರ್ಪು ಬಂತು. ಹೀಗಾಗಿ ಕೊಳ್ಳುವವರು ಋಣಭಾರ ಪತ್ರ ನೋಡಿ ಸುಮ್ಮನಾಗುವಂತಿಲ್ಲ; ಅದರಲ್ಲಿ ವಾರಸುದಾರರ ವಯಸ್ಸು ಕಾಣುವುದಿಲ್ಲ.

ಈ ನಿಯಮಕ್ಕೆ ಒಂದು ದೊಡ್ಡ ವಿನಾಯಿತಿ ಇದೆ. ಪಾಲಾಗದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮೈನರ್‌ಗಿರುವ ಹಕ್ಕಿಗೆ 8ನೇ ಕಲಂ ಅನ್ವಯಿಸದು ಎಂದು ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ. ಅಲ್ಲಿ ಕುಟುಂಬದ ಕರ್ತ ಕಾನೂನುಬದ್ಧ ಅಗತ್ಯಕ್ಕಾಗಿ ಮಾರಬಹುದು. ಇನ್ನು ದೊಡ್ಡಪ್ಪ, ಸೋದರಮಾವಂದಿರು ಮಕ್ಕಳನ್ನು ಸಾಕುತ್ತಿದ್ದಾರೆಂಬ ಕಾರಣಕ್ಕೇ ಅವರ ಆಸ್ತಿಯನ್ನು ಮಾರುವಂತಿಲ್ಲ. ಮೊದಲು ಕೋರ್ಟಿನಿಂದ ಪೋಷಕರಾಗಿ ನೇಮಕಗೊಂಡು, ಆಮೇಲೆ ಮಾರಾಟಕ್ಕೂ ಬೇರೆಯಾಗಿ ಅನುಮತಿ ಪಡೆಯಬೇಕು.