ಬೆಳಗಿನ ಜಾವದ ಬೆಳಕು: ಕನಸಿಗೆ ಬಂದ ದೂತನನ್ನು ಪರೀಕ್ಷಿಸುವ ಬಗೆ

ಮೊಳಕಾಲ್ಮೂರು, ಚಳ್ಳಕೆರೆ ಕಡೆ ಕನಸಿಗೆ ಬೆಲೆಯಿದೆ. ದೇವರು ಕನಸಿಗೆ ಬಂದು ಮರೆತ ಹರಕೆಯನ್ನು ನೆನಪಿಸಿತು, ಗುಡಿ ಕಟ್ಟಿಸು ಎಂದಿತು ಎನ್ನುವ ಮಾತು ಇಲ್ಲಿನ ಹಟ್ಟಿಗಳಿಗೆ ಹೊಸದಲ್ಲ. ಈ ಸೀಮೆಯಲ್ಲಿ ಕ್ರೈಸ್ತ ಮನೆಗಳು ಕಡಿಮೆ. ಆದರೆ ಅವರೂ ಇದೇ ಗಾಳಿಯಲ್ಲಿ ಬೆಳೆದವರು. ಬಿಳಿ ಬಟ್ಟೆಯ ದೂತ ಬಂದು ನಿಂತ, ಮನೆ ತುಂಬ ಬೆಳಕಾಯಿತು, ಹೀಗೆ ಮಾಡು ಎಂದು ಹೇಳಿದ ಎಂಬ ಕನಸು ಅವರಿಗೂ ಬೀಳುತ್ತದೆ. ಅಂಥ ಕನಸನ್ನು ಏನು ಮಾಡಬೇಕು ಎಂಬುದಕ್ಕೆ ಧರ್ಮಸಭೆಯಲ್ಲಿ ಹಳೆಯ, ಪಳಗಿದ ಒಂದು ಕ್ರಮವಿದೆ. ಅದನ್ನು ಒಂದು ಕಲ್ಪಿತ ಉದಾಹರಣೆಯ ಮೂಲಕ ನೋಡೋಣ.

ಮೊಳಕಾಲ್ಮೂರಿನ ಒಂದು ರೇಷ್ಮೆ ಸೀರೆ ನೇಯುವ ಮನೆ ಎಂದುಕೊಳ್ಳಿ. ಗಂಡ ತೀರಿಹೋಗಿ ಆರು ತಿಂಗಳು. ಮಗ್ಗದ ಮೇಲೆ ಸಾಲ, ಮಗನಿಗೆ ಊರಲ್ಲಿ ಮನಸ್ಸಿಲ್ಲ. ಒಂದು ರಾತ್ರಿ ತಾಯಿಗೆ ಕನಸು. ಮಗ್ಗದ ಮೇಲೆ ಬೆಳಕು ಇಳಿಯುತ್ತದೆ, ಬಿಳಿ ಬಟ್ಟೆಯವನೊಬ್ಬ ನಿಂತು 'ಹೆದರಬೇಡ' ಎನ್ನುತ್ತಾನೆ. ಆಕೆ ನಾಲ್ಕು ಗಂಟೆಗೆ ಕಣ್ಣೀರು ತುಂಬಿಕೊಂಡು, ಆದರೆ ಹಗುರವಾದ ಮನಸ್ಸಿನಿಂದ ಏಳುತ್ತಾಳೆ. ಭಾನುವಾರ ಪೂಜೆ ಮುಗಿದ ಮೇಲೆ ಗುರುಗಳ ಮುಂದೆ ಆಕೆ ಹೇಳುವುದು ಮಾತ್ರ ಬೇರೆ: "ಫಾದರ್, ಮಗ್ಗ ಮಾರಿ ಮಗನನ್ನು ಬೆಂಗಳೂರಿಗೆ ಕಳಿಸು ಅಂತ ದೇವದೂತ ಹೇಳಿದ."

ಅನುಭವವುಳ್ಳ ಗುರುಗಳು ಮೊದಲು ಕೇಳುವುದು ಕನಸು ನಿಜವೋ ಸುಳ್ಳೋ ಎಂದಲ್ಲ. "ಅಮ್ಮಾ, ಕಂಡಿದ್ದನ್ನು ಮಾತ್ರ ಇನ್ನೊಂದು ಸಲ ಹೇಳಿ. ಕೇಳಿದ ಮಾತನ್ನು ಕೇಳಿದ ಹಾಗೇ ಹೇಳಿ" ಎನ್ನುತ್ತಾರೆ. ಆಗ ಬೆಳಕು ಉಳಿಯುತ್ತದೆ, ಬಿಳಿ ಬಟ್ಟೆ ಉಳಿಯುತ್ತದೆ, 'ಹೆದರಬೇಡ' ಎಂಬ ಒಂದು ಮಾತು ಉಳಿಯುತ್ತದೆ. ಮಗ್ಗ ಮಾರುವ ಮಾತು ಕನಸಿನಲ್ಲಿ ಇರಲೇ ಇಲ್ಲ. ಎಚ್ಚರವಾದ ಮೇಲೆ, ಒಲೆ ಹಚ್ಚಿ ಕಾಫಿ ಕಾಯಿಸುವಷ್ಟರಲ್ಲಿ, ತಿಂಗಳುಗಳಿಂದ ಮನಸ್ಸಿನಲ್ಲಿದ್ದ ಯೋಚನೆ ಬಂದು ಅದಕ್ಕೆ ಸೇರಿಕೊಂಡಿದೆ. ಆಕೆ ಸುಳ್ಳು ಹೇಳುತ್ತಿಲ್ಲ. ಎರಡನ್ನೂ ಒಂದೇ ಎಂದು ಪ್ರಾಮಾಣಿಕವಾಗಿ ನಂಬಿದ್ದಾಳೆ.

ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ 16ನೇ ಶತಮಾನದಲ್ಲೇ ಇದನ್ನು ನಿಯಮವಾಗಿ ಬರೆದಿಟ್ಟರು. ದೇವರಿಂದಲೇ ನೇರವಾಗಿ ಸಮಾಧಾನ ಬಂದರೂ, ಆ ಗಳಿಗೆಯನ್ನೂ ಅದರ ನಂತರದ ಗಳಿಗೆಯನ್ನೂ ಬೇರೆ ಬೇರೆಯಾಗಿ ನೋಡಬೇಕು ಎನ್ನುತ್ತಾರೆ ಅವರು. ನಂತರದ ಹೊತ್ತಿನಲ್ಲಿ ಮನಸ್ಸು ಇನ್ನೂ ಬಿಸಿಯಾಗಿರುತ್ತದೆ. ಆಗ ಹುಟ್ಟುವ ತೀರ್ಮಾನಗಳು ನಮ್ಮವೇ ಇರಬಹುದು, ಕೆಟ್ಟ ಪ್ರೇರಣೆಯೂ ಇರಬಹುದು. ಕನಸುಗಳ ವಿಷಯದಲ್ಲಿ ನಾನು ಕಂಡ ಎಲ್ಲ ಸಲಹೆಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ. ಆದ್ದರಿಂದಲೇ ಕನಸನ್ನು ಎದ್ದ ಕೂಡಲೇ, ಯಾರಿಗೂ ಹೇಳುವ ಮೊದಲು, ಕಂಡಷ್ಟೇ ಬರೆದಿಡಬೇಕು. ಬರೆಯಲು ಬಾರದವರು ಮನೆಯವರೊಬ್ಬರ ಮುಂದೆ ಹೇಳಿಟ್ಟರೂ ಆಯಿತು.

ಬೆಳಗಿನ ಜಾವದ ಕನಸಿನ ಮಾತೂ ಇಲ್ಲಿಗೆ ಬರುತ್ತದೆ. ನಿದ್ರೆಯ ಕೊನೆಯ ಕೆಲವು ಗಂಟೆಗಳಲ್ಲಿ ಕನಸು ಬೀಳುವ ಅವಧಿ ಉದ್ದವಾಗುತ್ತದೆ. ಅದರ ನಡುವೆ ಎಚ್ಚರವಾದರೆ ಕನಸು ಹಸಿಯಾಗಿ ನೆನಪಿರುತ್ತದೆ. ಸ್ಪಷ್ಟವಾಗಿತ್ತು ಎನ್ನುವುದು ದೇವರ ಮುದ್ರೆಯಲ್ಲ. ಜ್ವರ, ಉಪವಾಸ, ನಿದ್ರೆಗೇಡು, ಸಾವಿನ ದುಃಖ, ಕೆಲವು ಮಾತ್ರೆಗಳು ಕೂಡ ಬೆಳಕನ್ನೂ ಪಕ್ಕದಲ್ಲಿ ಯಾರೋ ನಿಂತ ಅನುಭವವನ್ನೂ ಕೊಡಬಲ್ಲವು. ಹಾಗೆಂದು ಆ ತಾಯಿಗೆ ಸಿಕ್ಕ ಸಮಾಧಾನವನ್ನು ಯಾರೂ ಕಿತ್ತುಕೊಳ್ಳಬೇಕಿಲ್ಲ. ದುಃಖದ ಮೂಲಕವೂ ದೇವರು ಸಂತೈಸಬಲ್ಲ ಎಂಬುದು ಭಕ್ತರ ನಂಬಿಕೆ.

ಬೈಬಲಿನಲ್ಲಿ ಕನಸುಗಳಿವೆಯಲ್ಲ ಎಂದು ಕೇಳುವವರಿದ್ದಾರೆ. ಇವೆ. ಮತ್ತಾಯನ ಸುವಾರ್ತೆಯಲ್ಲಿ ಜೋಸೆಫನಿಗೇ ನಾಲ್ಕು ಸಲ ಕನಸಿನಲ್ಲಿ ದಾರಿ ಸಿಗುತ್ತದೆ. ಆದರೆ ಅವುಗಳ ಗುಣ ನೋಡಿ. ಪ್ರತಿಯೊಂದೂ ಚಿಕ್ಕದು, ಅವನ ವಶದಲ್ಲಿದ್ದ ಹೆಂಡತಿ ಮಗುವಿಗೆ ಸಂಬಂಧಿಸಿದ್ದು. ಪ್ರತಿಯೊಂದೂ ಅವನ ಮೇಲೆ ಕೆಲಸ ಹೊರಿಸುತ್ತದೆ, ಹೆಸರು ತರುವುದಿಲ್ಲ. ನಾಲ್ಕನೆಯ ಸಲವಂತೂ ಅರ್ಖೆಲಾಯನು ಯೂದಾಯದಲ್ಲಿ ಆಳುತ್ತಿದ್ದಾನೆಂಬ ಸುದ್ದಿ ಕೇಳಿ ಅವನು ಮೊದಲೇ ಹೆದರಿದ್ದ. ಅವನ ವಿವೇಕವೂ ಕನಸೂ ಒಂದೇ ಕಡೆ ಕೈ ತೋರಿದವು, ಗಲಿಲಾಯಕ್ಕೆ ಹೋದ. ಅದೇ ಬೈಬಲಿನಲ್ಲಿ ಯೆರೆಮೀಯನು ಕನಸು ಕಂಡೆ ಕನಸು ಕಂಡೆ ಎನ್ನುವ ಪ್ರವಾದಿಗಳನ್ನು ಕಟುವಾಗಿ ಗದರಿಸುತ್ತಾನೆ. ಸೈತಾನನೂ ಬೆಳಕಿನ ದೂತನ ವೇಷ ಹಾಕಬಲ್ಲ ಎಂದು ಪೌಲನು ಕೊರಿಂಥದವರನ್ನು ಎಚ್ಚರಿಸುತ್ತಾನೆ.

ಇಗ್ನೇಷಿಯಸರಿಗೆ ಇದು ಸ್ವಂತ ಅನುಭವ. 1522ರಲ್ಲಿ ಮನ್ರೇಸಾ ಊರಿನಲ್ಲಿ ತಪಸ್ಸಿನಲ್ಲಿದ್ದಾಗ, ಮಲಗಲು ಹೋದೊಡನೆ ದೊಡ್ಡ ದೊಡ್ಡ ಆಧ್ಯಾತ್ಮಿಕ ಹೊಳಹುಗಳು ಬಂದು ಇದ್ದ ಅಲ್ಪ ನಿದ್ರೆಯನ್ನೂ ತಿನ್ನುತ್ತಿದ್ದವು. ಪ್ರಾರ್ಥನೆಗೆ ಹಗಲಿಡೀ ಇಷ್ಟು ಸಮಯವಿದೆ, ನಿದ್ರೆಯ ಹೊತ್ತಿನಲ್ಲೇ ಏಕೆ ಬರುತ್ತವೆ ಎಂದು ಯೋಚಿಸಿ, ಅವನ್ನು ಬಿಟ್ಟು ಮಲಗುವುದೇ ಸರಿ ಎಂದು ತೀರ್ಮಾನಿಸಿದರು. ಹೊಳಹು ಸುಂದರವಾಗಿತ್ತು. ಅದು ಯಾವ ಕರ್ತವ್ಯವನ್ನು ಕೆಡಿಸುತ್ತಿದೆ ಎಂಬುದನ್ನು ಅವರು ನೋಡಿದರು.

ಇನ್ನು ಕನಸಿಗೆ ಇರುವ ಅಧಿಕಾರದ ಮಾತು. ಕಥೋಲಿಕ ಧರ್ಮೋಪದೇಶದ 67ನೇ ಪರಿಚ್ಛೇದ ಇಂಥದ್ದನ್ನು ಖಾಸಗಿ ಪ್ರಕಟಣೆ ಎನ್ನುತ್ತದೆ. ಧರ್ಮಸಭೆ ಒಪ್ಪಿದ ಪ್ರಕಟಣೆಗಳೂ ಕ್ರಿಸ್ತನಲ್ಲಿ ಪೂರ್ಣವಾದ ವಿಶ್ವಾಸಕ್ಕೆ ಏನನ್ನೂ ಸೇರಿಸಲಾರವು, ಒಂದು ಕಾಲದಲ್ಲಿ ಅದನ್ನು ಇನ್ನಷ್ಟು ಚೆನ್ನಾಗಿ ಬಾಳಲು ನೆರವಾಗಬಹುದು ಅಷ್ಟೇ. ಹಾಗಿದ್ದ ಮೇಲೆ ನಮ್ಮ ತಾಯಿಯ ಕನಸು ಆಕೆಗೆ ಧೈರ್ಯ ಕೊಡಬಹುದು, ಮಗನನ್ನು ಕಟ್ಟಿಹಾಕಲಾರದು. ನನ್ನ ಕನಸಿಗೆ ನೀನು ವಿಧೇಯನಾಗು ಎಂದ ಕೂಡಲೇ ದಾರಿ ತಪ್ಪಿತು.

ಕನಸು ಮನೆ ದಾಟಿ ಊರಿನ ಭಕ್ತಿಯಾಗಿ ಜನ ಸೇರತೊಡಗಿದರೆ ವಿಚಾರಣೆ ಧರ್ಮಾಧ್ಯಕ್ಷರದು. ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಅದು ಶಿವಮೊಗ್ಗ ಧರ್ಮಕ್ಷೇತ್ರ. 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಹೊರಡಿಸಿದ ಹೊಸ ನಿಯಮಗಳು ಆರು ಬಗೆಯ ತೀರ್ಮಾನಗಳನ್ನು ಇಟ್ಟಿವೆ. ಅವುಗಳಲ್ಲಿ ಅತ್ಯಂತ ಅನುಕೂಲವಾದದ್ದೂ 'ಅಡ್ಡಿಯಿಲ್ಲ' ಎನ್ನುತ್ತದೆಯೇ ಹೊರತು ಇದು ಅಲೌಕಿಕ ಎಂದು ಸಾರುವುದಿಲ್ಲ. ಹಣದಾಸೆ, ಅಧಿಕಾರದಾಸೆ, ಬೋಧನೆಯಲ್ಲಿ ತಪ್ಪು ಕಂಡರೆ ಅದು ವಿರುದ್ಧದ ಸಾಕ್ಷಿ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇಂಥ ವಿಚಾರಣೆಯ ಏರ್ಪಾಡಿಲ್ಲ. ಅಲ್ಲಿ ಪಾಸ್ಟರರೂ ಹಿರಿಯರೂ ಕನಸನ್ನು ವಾಕ್ಯಕ್ಕೆ ಹಿಡಿದು ನೋಡುತ್ತಾರೆ.

ತಾಯಿಗೆ ಗುರುಗಳು ಹೇಳುವುದು ಇಷ್ಟು: 'ಹೆದರಬೇಡ' ಎಂಬ ಮಾತನ್ನು ಇಟ್ಟುಕೊಳ್ಳಿ, ಕೃತಜ್ಞತೆಯಿಂದ ಪ್ರಾರ್ಥಿಸಿ. ಮಗ್ಗದ ವಿಷಯವನ್ನು ಕನಸಿಲ್ಲದ ಹಾಗೆ ಯೋಚಿಸಿ. ಸಾಲ ಎಷ್ಟು, ಸೀರೆಗೆ ಸಿಗುವುದೆಷ್ಟು, ಮಗನಿಗೆ ಏನು ಬೇಕು ಎಂದು ಅವನನ್ನೇ ಕೇಳಿ. ಕೆಲವು ವಾರ ಕಾಯಿರಿ. ದೇವರದಾದರೆ ಕಾದಷ್ಟೂ ಶಾಂತಿ ಉಳಿಯುತ್ತದೆ. ಈಗಲೇ, ಯಾರಿಗೂ ಹೇಳದೆ ಎಂದು ಒಳಗಿನಿಂದ ನೂಕುತ್ತಿದ್ದರೆ, ಭಯ ಹೆಚ್ಚುತ್ತಿದ್ದರೆ, ಅದನ್ನು ಅನುಮಾನಿಸಿ.

ಒಂದು ಬಗೆಯ ಕನಸಿನ ವಿಷಯದಲ್ಲಿ ಮಾತ್ರ ಕಾಯುವುದೂ ಬೇಡ. ಮಾತ್ರೆ ನಿಲ್ಲಿಸು, ಆಸ್ಪತ್ರೆಗೆ ಹೋಗಬೇಡ, ನಿನ್ನನ್ನೋ ಇನ್ನೊಬ್ಬರನ್ನೋ ನೋಯಿಸು ಎಂದು ಯಾವ ದೂತ ಹೇಳಿದರೂ, ಎಷ್ಟೇ ಬೆಳಕಿನಲ್ಲಿ ಬಂದು ಹೇಳಿದರೂ ಕೇಳಬೇಡಿ. ಅಂದೇ ಮನೆಯವರಿಗೆ ತಿಳಿಸಿ, ವೈದ್ಯರ ಹತ್ತಿರ ಹೋಗಿ.