ಬೆಳಗಿನ ಬರಿಹೊಟ್ಟೆಯ ವಾಕರಿಕೆ: ತಪ್ಪೆಲ್ಲ ಪಿತ್ತದ್ದಲ್ಲ

ಹಲ್ಲುಜ್ಜಲು ಬಚ್ಚಲಿಗೆ ಹೋದವರು ನಾಲ್ಕು ಸಲ ಓಕರಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಹೊರಗೆ ಬರುವುದು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಅಡುಗೆಮನೆಯಿಂದ ತೀರ್ಪು ತಡವಿಲ್ಲದೆ ಬರುತ್ತದೆ: "ಪಿತ್ತ ಜಾಸ್ತಿಯಾಗಿದೆ." ಮದ್ದೂ ಸಿದ್ಧವಿರುತ್ತದೆ. ಜೀರಿಗೆ ಕಷಾಯ, ನಿಂಬೆಹಣ್ಣಿನ ಪಾನಕ, ಇಲ್ಲವೇ ಮೆಡಿಕಲ್ ಸ್ಟೋರಿನಿಂದ ಚೀಟಿಯಿಲ್ಲದೆ ತಂದ ಗ್ಯಾಸ್ ಮಾತ್ರೆ. ಹೊಸ ತಲೆಮಾರಿನವರು ಪಿತ್ತ ಎನ್ನುವ ಕಡೆ ಆಸಿಡಿಟಿ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಆದರೆ ಜಠರದ ದಿನಚರಿ ಈ ತೀರ್ಪಿಗೆ ಪೂರ್ತಿ ಒಪ್ಪುವುದಿಲ್ಲ. ಊಟವಿಲ್ಲದ ಹೊತ್ತಿನಲ್ಲಿ ಜಠರ ತಾನಾಗಿ ಸುರಿಸುವ ಆಮ್ಲ ಸಂಜೆಯಿಂದ ನಡುರಾತ್ರಿಯವರೆಗೆ ಅತಿ ಹೆಚ್ಚು. ಬೆಳಗಿನ ಹೊತ್ತು ಅತಿ ಕಡಿಮೆ. ಆಮ್ಲ ಕಡಿಮೆ ಸುರಿಯುವ ಹೊತ್ತಿನಲ್ಲೇ ಹೊಟ್ಟೆ ತೊಳಸುವುದೇಕೆ? ಉತ್ತರ ಬೇಕಾದರೆ ಹಿಂದಿನ ರಾತ್ರಿಯ ಊಟದಿಂದ ಲೆಕ್ಕ ಶುರು ಮಾಡಬೇಕು.

ಬೆಂಗಳೂರಿನ ಕಚೇರಿ ನೌಕರರೊಬ್ಬರನ್ನು ತೆಗೆದುಕೊಳ್ಳೋಣ. ವ್ಯಕ್ತಿ ಕಾಲ್ಪನಿಕ, ದಿನಚರಿ ಅಲ್ಲ. ಟ್ರಾಫಿಕ್ ದಾಟಿ ಮನೆ ಸೇರಿ ಊಟಕ್ಕೆ ಕೂರುವಾಗ ರಾತ್ರಿ ಹತ್ತೂವರೆ. ತಟ್ಟೆಯಲ್ಲಿ ಎಣ್ಣೆ ತೇಲುವ ಗ್ರೇವಿ, ಪರೋಟ. ಹನ್ನೊಂದಕ್ಕೆಲ್ಲ ಹಾಸಿಗೆ. ಗಟ್ಟಿ ಆಹಾರ ಜಠರ ಬಿಟ್ಟು ಸಣ್ಣಕರುಳಿಗೆ ಇಳಿಯಲು ಸಾಮಾನ್ಯವಾಗಿ ಸುಮಾರು 4 ಗಂಟೆ ಬೇಕು. ಜಿಡ್ಡು ಹೆಚ್ಚಿದ್ದರೆ ಇನ್ನೂ ತಡ. ಅಂದರೆ ಅವರು ನಿದ್ದೆ ಹೋದಾಗ ಹೊಟ್ಟೆ ತುಂಬಿಯೇ ಇರುತ್ತದೆ, ಆಮ್ಲ ಸುರಿಯುವ ಪರಾಕಾಷ್ಠೆಯ ಸಮಯವೂ ಅದೇ.

ನಿಂತಾಗ, ಕೂತಾಗ ಆಮ್ಲ ಕೆಳಗೇ ಇರುತ್ತದೆ. ಮಲಗಿದಾಗ ಜಠರವೂ ಅನ್ನನಾಳವೂ ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ಎರಡರ ನಡುವಿನ ಬಿಗಿ ಸ್ನಾಯು ಸ್ವಲ್ಪ ಸಡಿಲವಾದರೂ ಆಮ್ಲ ಮೇಲಕ್ಕೆ ಜಾರುತ್ತದೆ. ಹಗಲಿನಲ್ಲಿ ಹೀಗಾದರೆ ಉಗುಳು ಬಂದು ತೊಳೆದುಬಿಡುತ್ತದೆ, ಏಕೆಂದರೆ ಉಗುಳಿನಲ್ಲಿ ಆಮ್ಲವನ್ನು ತಣಿಸುವ ಕ್ಷಾರವಿದೆ, ನಾವು ಗೊತ್ತಿಲ್ಲದೆ ಅದನ್ನು ಆಗಾಗ ನುಂಗುತ್ತಲೂ ಇರುತ್ತೇವೆ. ನಿದ್ದೆಯಲ್ಲಿ ಉಗುಳು ಬಹುತೇಕ ನಿಂತೇ ಹೋಗುತ್ತದೆ, ನುಂಗುವುದೂ ವಿರಳವಾಗುತ್ತದೆ. ಹಾಗಾಗಿ ರಾತ್ರಿ ಮೇಲೆ ಬಂದ ಆಮ್ಲ ಅಲ್ಲೇ ಬಹಳ ಹೊತ್ತು ಉಳಿಯುತ್ತದೆ. ಬೆಳಿಗ್ಗೆ ಎದ್ದಾಗ ಬಾಯಿ ಹುಳಿ, ಗಂಟಲು ಕೆರೆತ, ಎದೆಯ ನಡುವೆ ಸಣ್ಣ ಉರಿ ಇದ್ದರೆ, ವಾಕರಿಕೆಯ ಮೂಲ ಇದೇ ಇರುವ ಸಾಧ್ಯತೆ ಹೆಚ್ಚು. ಎದೆಯುರಿಯೇ ಇಲ್ಲದೆ ಬರಿಯ ವಾಕರಿಕೆಯಾಗಿ ಇದು ಕಾಣಿಸಿಕೊಳ್ಳುವುದೂ ಉಂಟು.

ಇನ್ನು ನಸುಕಿನ ಮೂರು ಗಂಟೆಯ ನಂತರ. ಜಠರ ಖಾಲಿಯಾಗಿದೆ. ಖಾಲಿಯಾದ ಕೂಡಲೇ ಅದು ಸುಮ್ಮನಾಗುತ್ತದೆ ಎಂದುಕೊಂಡರೆ ತಪ್ಪು. ಊಟವಿಲ್ಲದಾಗ ಜಠರ ಮತ್ತು ಸಣ್ಣಕರುಳಿನಲ್ಲಿ ಸುಮಾರು 90ರಿಂದ 120 ನಿಮಿಷಕ್ಕೊಮ್ಮೆ ಬಲವಾದ ಸಂಕೋಚನಗಳ ಒಂದು ಅಲೆ ಏಳುತ್ತದೆ. ಮೋಟಿಲಿನ್ ಎಂಬ ಹಾರ್ಮೋನು ಇದರ ಹಿಂದಿದೆ. ಉಳಿದ ನಾರು, ಲೋಳೆ, ಸತ್ತ ಜೀವಕೋಶಗಳನ್ನೆಲ್ಲ ಈ ಅಲೆ ಮುಂದಕ್ಕೆ ತಳ್ಳುತ್ತದೆ. ಊಟ ಮುಗಿದ ಮೇಲೆ ಛತ್ರದ ಅಂಗಳ ಗುಡಿಸಿದ ಹಾಗೆ. ಹಸಿದಾಗ ಕೇಳುವ ಗುಡುಗುಡು ಸದ್ದಿನಲ್ಲಿ ಇದರ ಪಾಲು ದೊಡ್ಡದು. ಇದೇ ಹೊತ್ತಿನಲ್ಲಿ ಸಣ್ಣಕರುಳಿನ ಆರಂಭದ ಭಾಗದಿಂದ ಸ್ವಲ್ಪ ಪಿತ್ತರಸ ಹಿಮ್ಮುಖವಾಗಿ ಜಠರಕ್ಕೆ ಬರುವುದು ಆರೋಗ್ಯವಂತರಲ್ಲೂ ಸಹಜ. ಹೆಚ್ಚಿನವರಿಗೆ ಇದ್ಯಾವುದೂ ಅರಿವಿಗೆ ಬರುವುದಿಲ್ಲ. ಜಠರದ ಒಳಪದರ ಉರಿಯೂತಕ್ಕೆ ಒಳಗಾದವರಿಗೆ, ಅಥವಾ ಜಠರದ ನರಗಳು ವಿಪರೀತ ಸೂಕ್ಷ್ಮವಾಗಿರುವವರಿಗೆ, ಸಹಜವಾದ ಈ ಚಲನೆಯೂ ತೊಳಸಿದಂತೆ ಅನಿಸುತ್ತದೆ. ವೇಗಸ್ ನರದ ಮೂಲಕ ಆ ಸಂದೇಶ ಮಿದುಳಿನ ಬುಡದಲ್ಲಿರುವ ವಾಂತಿ ಕೇಂದ್ರಗಳಿಗೆ ತಲುಪುತ್ತದೆ.

ಪಿತ್ತದ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ಬರಿಹೊಟ್ಟೆಯಲ್ಲಿ ಜೋರಾಗಿ ಓಕರಿಸಿದಾಗ ಕೊನೆಗೆ ಹಳದಿ ಬಣ್ಣದ ಕಹಿ ನೀರು ಬರುತ್ತದೆ. "ನೋಡಿ, ಪಿತ್ತ ಹೊರಗೆ ಬಂತು, ಈಗ ಹಗುರಾಯಿತು" ಎನ್ನುವುದು ರೂಢಿ. ವಾಸ್ತವದಲ್ಲಿ ಕಾರಣ ಮತ್ತು ಪರಿಣಾಮ ಸಾಮಾನ್ಯವಾಗಿ ಅದಲುಬದಲಾಗಿರುತ್ತವೆ. ಹೊರಹಾಕಲು ಜಠರದಲ್ಲಿ ಬೇರೇನೂ ಇಲ್ಲದಿದ್ದಾಗ, ಓಕರಿಕೆಯ ಹಿಮ್ಮುಖ ಎಳೆತಕ್ಕೆ ಸಿಕ್ಕಿ ಕರುಳಿನ ಪಿತ್ತರಸ ಮೇಲೆ ಬರುತ್ತದೆ. ಹೆಚ್ಚಿನ ಸಲ ಓಕರಿಸಿದ್ದರಿಂದ ಪಿತ್ತ ಬಂತೇ ಹೊರತು, ಪಿತ್ತದಿಂದ ಓಕರಿಕೆ ಬಂದದ್ದಲ್ಲ.

ನಮ್ಮ ಕಚೇರಿ ನೌಕರರು ಈಗ ಬಚ್ಚಲಿನಲ್ಲಿದ್ದಾರೆ, ಕೈಯಲ್ಲಿ ನಾಲಿಗೆ ಕೆರೆಯುವ ಪಟ್ಟಿ. ನಾಲಿಗೆಯ ಹಿಂಭಾಗ ಮತ್ತು ಗಂಟಲಿನ ಗೋಡೆಗೆ ಏನಾದರೂ ತಾಕಿದರೆ ಓಕರಿಕೆ ಬರುವುದು ದೇಹದ ರಕ್ಷಣಾ ವ್ಯವಸ್ಥೆ; ಉಸಿರುನಾಳಕ್ಕೆ ಬೇಡದ್ದು ಇಳಿಯದಂತೆ ತಡೆಯಲು ಅದು ಇದೆ. ರಾತ್ರಿಯಿಡೀ ಆಮ್ಲ ತಾಕಿದ ಗಂಟಲು, ಶೀತವಿದ್ದರೆ ಮೂಗಿನ ಹಿಂದಿನಿಂದ ಇಳಿದು ಕೂತ ಕಫ, ಇವೆರಡೂ ಸೇರಿದರೆ ಪ್ರತಿಕ್ರಿಯೆ ಇನ್ನಷ್ಟು ಚುರುಕಾಗುತ್ತದೆ. ಎರಡು ಬೆರಳು ಗಂಟಲಿಗಿಳಿಸಿ "ಪಿತ್ತ ತೆಗೆಯುವ" ಅಭ್ಯಾಸ ಇನ್ನೂ ಹಲವರಲ್ಲಿದೆ. ಅದರಿಂದ ತೆಗೆಯುವಂಥದ್ದೇನೂ ಬರುವುದಿಲ್ಲ. ಅನ್ನನಾಳಕ್ಕೆ, ಹಲ್ಲಿನ ಹೊರಪದರಕ್ಕೆ ಆಮ್ಲದ ಸ್ನಾನವಾಗುತ್ತದೆ, ಅಷ್ಟೇ.

ಬಚ್ಚಲಿನಿಂದ ನೇರ ಫಿಲ್ಟರ್ ಕಾಫಿಗೆ. ಕಾಫಿ ಜಠರದಲ್ಲಿ ಆಮ್ಲ ಸುರಿಯುವಂತೆ ಪ್ರಚೋದಿಸುತ್ತದೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಆ ಆಮ್ಲವನ್ನು ಅದು ಹೀರಿಕೊಳ್ಳುತ್ತದೆ. ಬರಿಹೊಟ್ಟೆಯಲ್ಲಿ ಅಂಥ ಅನುಕೂಲವಿಲ್ಲ. ಎಲ್ಲರಿಗೂ ಇದರಿಂದ ತೊಂದರೆಯಾಗುವುದಿಲ್ಲ. ಆಗುವವರಿಗೆ ಮಾತ್ರ ಕಾಫಿಗೆ ಮುಂಚೆ ಒಂದು ರಸ್ಕೋ ಒಂದು ಹಿಡಿ ಮಂಡಕ್ಕಿಯೋ ತಿಂದರೆ ವ್ಯತ್ಯಾಸ ಗೊತ್ತಾಗುತ್ತದೆ. ಬೆಳಗಿನ ಮಾತ್ರೆಗಳನ್ನೂ ಇಲ್ಲಿ ಗಮನಿಸಬೇಕು. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ, ಸತುವಿನ ಮಾತ್ರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಮೈಕೈ ನೋವಿನ ಮಾತ್ರೆ, ಇವೆಲ್ಲ ಬರಿಹೊಟ್ಟೆಯಲ್ಲಿ ವಾಕರಿಕೆ ತರುವುದರಲ್ಲಿ ಹೆಸರಾದವು. ಕಬ್ಬಿಣದ ಮಾತ್ರೆ ಬರಿಹೊಟ್ಟೆಯಲ್ಲೇ ಚೆನ್ನಾಗಿ ಹೀರಲ್ಪಡುತ್ತದೆ ನಿಜ, ಆದರೆ ತೊಳಸುತ್ತದೆಂದು ಮಾತ್ರೆಯನ್ನೇ ಬಿಟ್ಟುಬಿಡುವುದಕ್ಕಿಂತ ಊಟದ ಜೊತೆ ನುಂಗುವುದು ಮೇಲು. ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿದರೆ ಸಾಕು.

"ಸಕ್ಕರೆ ಇಳಿದಿರಬೇಕು" ಎಂಬ ಊಹೆ ಮಧುಮೇಹವಿಲ್ಲದವರ ವಿಷಯದಲ್ಲಿ ಸಾಮಾನ್ಯವಾಗಿ ಸುಳ್ಳು. ಒಂದು ರಾತ್ರಿಯ ಉಪವಾಸವನ್ನು ಯಕೃತ್ತು ತನ್ನ ದಾಸ್ತಾನಿನಿಂದ ಸಲೀಸಾಗಿ ನಿಭಾಯಿಸುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರ ಮಾತು ಬೇರೆ. ಅವರಿಗೆ ವಾಕರಿಕೆಯ ಜೊತೆ ಬೆವರು, ನಡುಕ ಇದ್ದರೆ ಕೂಡಲೇ ಗ್ಲೂಕೋಮೀಟರಿನಲ್ಲಿ ನೋಡಬೇಕು. 70ಕ್ಕಿಂತ ಕೆಳಗಿದ್ದರೆ ಸಕ್ಕರೆ ತಿನ್ನಬೇಕು.

ಇಷ್ಟು ದಿನಚರಿಯ ಮಾತು. ರೋಗವೇ ಮೂಲವಾದ ಒಂದು ಪ್ರಕರಣ ವೈದ್ಯಕೀಯ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. 1984ರಲ್ಲಿ ಆಸ್ಟ್ರೇಲಿಯಾದ ಪರ್ತ್ ಪ್ರದೇಶದ ಯುವ ವೈದ್ಯ ಬ್ಯಾರಿ ಮಾರ್ಷಲ್, ರೋಗಿಯೊಬ್ಬರ ಜಠರದಿಂದ ತೆಗೆದು ಬೆಳೆಸಿದ ಬ್ಯಾಕ್ಟೀರಿಯಾಗಳ ದ್ರಾವಣವನ್ನು ತಾವೇ ಕುಡಿದರು. ಹೊಟ್ಟೆಯ ಹುಣ್ಣಿಗೆ ಒತ್ತಡ, ಆಮ್ಲಗಳೇ ಕಾರಣ ಎಂದು ನಂಬಿದ್ದ ಕಾಲವದು. ಇಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಕರೆಯುವ ಸೂಕ್ಷ್ಮಾಣುವೇ ಕಾರಣವೆಂದು ಮಾರ್ಷಲ್ ಮತ್ತು ಅವರ ಸಹೋದ್ಯೋಗಿ ರಾಬಿನ್ ವಾರನ್ ಹೇಳಿದರೆ ಕೇಳುವವರಿರಲಿಲ್ಲ. ಕುಡಿದ ಕೆಲವೇ ದಿನಗಳಲ್ಲಿ ಮಾರ್ಷಲ್‌ಗೆ ಬೆಳಿಗ್ಗೆ ಏಳುತ್ತಲೇ ಬಚ್ಚಲಿಗೆ ಓಡಿ ವಾಂತಿ ಮಾಡುವ ಸ್ಥಿತಿ ಬಂತು. ವಾಂತಿ ಮಾಡಿ ಹಗುರಾದ ಮೇಲೆ ಅವರು ಕೆಲಸಕ್ಕೆ ಹೋಗುತ್ತಿದ್ದರು. ಸ್ವಾರಸ್ಯವಿರುವುದು ಮುಂದೆ: ಹೊರಬಂದ ನೀರಿನಲ್ಲಿ ಆಮ್ಲವೇ ಇರಲಿಲ್ಲ. ಹೊಸ ಸೋಂಕು ಆಮ್ಲದ ಉತ್ಪಾದನೆಯನ್ನು ಕೆಲಕಾಲ ಅಡಗಿಸಬಲ್ಲದು. ಎಂಡೋಸ್ಕೋಪಿ ಮಾಡಿಸಿದಾಗ ಒಳಪದರದ ತುಂಬ ಉರಿಯೂತ, ಬ್ಯಾಕ್ಟೀರಿಯಾ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಬೆಳಗಿನ ವಾಕರಿಕೆಗೆಲ್ಲ ಆಮ್ಲವೇ ಹೊಣೆ ಎನ್ನುವವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ. ಈ ಸೂಕ್ಷ್ಮಾಣು ಭಾರತದಲ್ಲಿ ಬಹಳ ಸಾಮಾನ್ಯ, ಹೆಚ್ಚಾಗಿ ಬಾಲ್ಯದಲ್ಲೇ ಮನೆಯವರಿಂದ ಅಂಟುತ್ತದೆ. ಸೋಂಕಿದ್ದೂ ಯಾವ ತೊಂದರೆಯೂ ಇಲ್ಲದವರೇ ಹೆಚ್ಚು.

ಹೆರುವ ವಯಸ್ಸಿನ ಹೆಂಗಸರಲ್ಲಿ ಮೊದಲು ನೋಡಬೇಕಾದದ್ದು ಮುಟ್ಟು ತಪ್ಪಿದೆಯೇ ಎಂದು. ಬಸುರಿಯ ವಾಕರಿಕೆಯ ಬಗ್ಗೆ 2023ರಲ್ಲಿ ಪ್ರಕಟವಾದ ಒಂದು ಮುಖ್ಯ ಸಂಶೋಧನೆ ಜಿಡಿಎಫ್15 ಎಂಬ ಹಾರ್ಮೋನಿನತ್ತ ಬೊಟ್ಟು ಮಾಡಿದೆ. ಭ್ರೂಣ ಮತ್ತು ಮಾಸು ಇದನ್ನು ತಾಯಿಯ ರಕ್ತಕ್ಕೆ ಸೇರಿಸುತ್ತವೆ, ಅದು ಮಿದುಳಿನ ಬುಡದ ವಾಂತಿ ಕೇಂದ್ರವನ್ನು ತಟ್ಟುತ್ತದೆ. ಬಸುರಿಗೆ ಮೊದಲು ಯಾರ ಮೈಯಲ್ಲಿ ಈ ಹಾರ್ಮೋನು ಕಡಿಮೆಯಿತ್ತೋ ಅವರಿಗೆ ಸಂಕಟ ಹೆಚ್ಚು. ಈ ವಾಕರಿಕೆ ಬೆಳಿಗ್ಗೆಗಷ್ಟೇ ಸೀಮಿತವೂ ಅಲ್ಲ, ಬಹಳ ಮಂದಿಗೆ ದಿನವಿಡೀ ಇರುತ್ತದೆ.

ಮತ್ತೆ ನಮ್ಮ ನೌಕರರಿಗೆ ಬರೋಣ. ಅವರು ಊಟವನ್ನು ಎಂಟಕ್ಕೆ ತಂದು, ಊಟಕ್ಕೂ ಹಾಸಿಗೆಗೂ 3 ಗಂಟೆ ಅಂತರವಿಟ್ಟು, ಎಡಮಗ್ಗುಲಿಗೆ ಮಲಗಿ, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಸುಮಾರು ಅರ್ಧ ಅಡಿಯ ಮರದ ತುಂಡುಗಳನ್ನಿಟ್ಟರೆ ರಾತ್ರಿಯ ಆಮ್ಲದ ಕಾಟ ಇಳಿಯಬೇಕು. ದಿಂಬಿನ ಮೇಲೆ ದಿಂಬು ಪೇರಿಸಿದರೆ ಪ್ರಯೋಜನವಿಲ್ಲ. ಹೊಟ್ಟೆ ಮಡಚಿಕೊಂಡು ಒತ್ತಡ ಹೆಚ್ಚುತ್ತದೆ. ಎರಡು ವಾರ ಹೀಗೆ ಮಾಡಿಯೂ ಏನೂ ಬದಲಾಗದಿದ್ದರೆ ಕಾರಣ ಬೇರೆ ಕಡೆಯಿದೆ ಎಂದು ತಿಳಿಯಬೇಕು.

ಕೆಲವು ಲಕ್ಷಣಗಳಿದ್ದರೆ ಎರಡು ವಾರ ಕಾಯುವಂತೆಯೂ ಇಲ್ಲ. ಬೆಳಿಗ್ಗೆ ಏಳುವಾಗಲೇ ತಲೆನೋವಿದ್ದು ಜೊತೆಗೆ ವಾಂತಿಯಾಗುತ್ತಿದ್ದರೆ ತಲೆಬುರುಡೆಯೊಳಗಿನ ಒತ್ತಡವನ್ನು ಶಂಕಿಸಬೇಕು. ಹಳೆಯ ಮಧುಮೇಹ, ರಕ್ತದೊತ್ತಡ ಇರುವವರಿಗೆ ಹೊಸದಾಗಿ ಬೆಳಗಿನ ವಾಕರಿಕೆ, ಹಸಿವಿಲ್ಲದಿರುವುದು, ಕಾಲು ಊತ ಕಂಡರೆ ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ ಬೇಕು. ತೂಕ ಇಳಿಯುವುದು, ನುಂಗಲು ಕಷ್ಟ, ಕಪ್ಪು ಮಲ, ವಾಂತಿಯಲ್ಲಿ ರಕ್ತ, ಇವು ಮನೆಮದ್ದಿಗೆ ಸೇರಿದವಲ್ಲ.

ವೈದ್ಯರ ಬಳಿ ಹೋಗುವವರು ಮರೆಯಬಾರದ ಸಂಗತಿ ಒಂದಿದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ ಮಾತ್ರೆಗಳನ್ನು ದಿನವೂ ನುಂಗುತ್ತಿದ್ದರೆ ಉಸಿರಿನ ಅಥವಾ ಮಲದ ಪರೀಕ್ಷೆಯಲ್ಲಿ ಹೆಲಿಕೋಬ್ಯಾಕ್ಟರ್ ಸೋಂಕು ಇದ್ದೂ ಇಲ್ಲವೆಂದು ಬರಬಹುದು. ಪರೀಕ್ಷೆಗೆ 2 ವಾರ ಮೊದಲು ಈ ಮಾತ್ರೆಗಳನ್ನು ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಮೆಡಿಕಲ್ ಸ್ಟೋರಿನಿಂದ ನೀವಾಗಿ ತಂದು ನುಂಗಿದ ಮಾತ್ರೆಯ ಹೆಸರನ್ನು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ, ಖಾಲಿ ಪಟ್ಟಿಯಿದ್ದರೆ ಜೊತೆಗೇ ಒಯ್ಯಿರಿ.